ಮೊದಲು ಕತ್ತರಿ, ಆಮೇಲೆ ಸದ್ದು, ಕೊನೆಗೆ ಬಣ್ಣ

ವಿಡಿಯೋ ಎಡಿಟರ್ ಆಗಬೇಕೆಂದುಕೊಂಡ ಕಾಲೇಜು ಹುಡುಗ ಹುಡುಗಿಯರು ಸಾಮಾನ್ಯವಾಗಿ ಎಫೆಕ್ಟುಗಳಿಂದ, ಕುಣಿದು ಬರುವ ಅಕ್ಷರಗಳಿಂದ ಕಲಿಕೆ ಶುರು ಮಾಡುತ್ತಾರೆ. ಅವೆಲ್ಲ ಕೊನೆಗೆ ಕಲಿಯಬೇಕಾದವು. ಎಡಿಟರ್ ಕೆಲಸದ ಮುಕ್ಕಾಲು ಪಾಲು ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ.

ಸಾಫ್ಟ್‌ವೇರ್‌ಗೆ ಈಗಲೇ ದುಡ್ಡು ಸುರಿಯಬೇಕಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಕತ್ತರಿಸುವುದು, ಸದ್ದು, ಬಣ್ಣ ಎಲ್ಲವನ್ನೂ ಕಲಿಯಬಹುದು. ಅದು ಸಲೀಸಾಗಿ ಓಡಲು 16 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು. ಲ್ಯಾಪ್‌ಟಾಪ್ ತಡವರಿಸಿದರೆ ಪ್ರಾಕ್ಸಿ, ಅಂದರೆ ಅದೇ ವಿಡಿಯೋದ ಹಗುರ ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ.

ಇನ್ನು ಪಾಠಕ್ಕೆ ಒಂದು ನಿಜವಾದ ಕೆಲಸ ಬೇಕು. ನಿಮ್ಮ ಊರಿನ ಸೈಕಲ್ ರಿಪೇರಿ ಅಂಗಡಿಯವರ ಮಾತನ್ನು ಫೋನಿನಲ್ಲಿ 40 ನಿಮಿಷ ಚಿತ್ರೀಕರಿಸಿದ್ದೀರಿ, ಅದನ್ನು 3 ನಿಮಿಷಕ್ಕೆ ಇಳಿಸಬೇಕು ಎಂದಿಟ್ಟುಕೊಳ್ಳಿ.

ಮೊದಲ ಪಾಠ ಫೈಲುಗಳದು. ಎಲ್ಲವನ್ನೂ ಎರಡು ಕಡೆ ಕಾಪಿ ಮಾಡಿ. ವಿಡಿಯೋ, ಆಡಿಯೋ, ಸಂಗೀತ ಎಂದು ಬೇರೆ ಬೇರೆ ಫೋಲ್ಡರ್ ಇರಲಿ. ಫೋನಿನ ವಿಡಿಯೋದಲ್ಲಿ ಒಂದು ತೊಡಕಿದೆ: ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು ಒಂದೇ ಸಮ ಇರುವುದಿಲ್ಲ. ಮೊದಲ ನಿಮಿಷದಲ್ಲಿ ತುಟಿಗೂ ಮಾತಿಗೂ ಸರಿಯಾಗಿ ಹೊಂದಿದ್ದು, ಮೂವತ್ತನೇ ನಿಮಿಷಕ್ಕೆ ಬರುವಷ್ಟರಲ್ಲಿ ಮಾತು ಹಿಂದೆ ಮುಂದೆ ಆಗಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್‌ನಲ್ಲಿ Constant Framerate ಆರಿಸಿ ಫೈಲನ್ನು ಪರಿವರ್ತಿಸಿಕೊಂಡು, ಆಮೇಲೆ ಕೆಲಸಕ್ಕೆ ಕೂರಿ.

ಎರಡನೆಯದು ಕತ್ತರಿಸುವುದು. ಹೆಚ್ಚು ತಿಂಗಳು ಕೊಡಬೇಕಾದದ್ದು ಇದಕ್ಕೇ. ನಲವತ್ತು ನಿಮಿಷವನ್ನೂ ಪೂರ್ತಿ ಕೇಳಿ. ಚೆನ್ನಾಗಿರುವ ಮಾತು ಎಷ್ಟನೇ ನಿಮಿಷದಲ್ಲಿದೆ ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ನಂತರ ಆ ಮಾತುಗಳ ಅನುಕ್ರಮವನ್ನು ಕಾಗದದ ಮೇಲೇ ಕೂಡಿಸಿ, ಮಾತನ್ನಷ್ಟೇ ಟೈಮ್‌ಲೈನ್‌ನಲ್ಲಿ ಜೋಡಿಸಿ, ಕಣ್ಣು ಮುಚ್ಚಿ ಕೇಳಿ. ಕತೆ ತಿಳಿಯಿತೇ? ತಿಳಿಯದಿದ್ದರೆ ಯಾವ ಎಫೆಕ್ಟೂ ಅದನ್ನು ಉಳಿಸುವುದಿಲ್ಲ.

ಮಾತು ಕೂಡಿಸಿದ ಜಾಗಗಳಲ್ಲಿ ಮುಖ ಸರಕ್ಕನೆ ಜಿಗಿಯುತ್ತದೆ. ಅಲ್ಲಿ ಕೈ, ಸ್ಪ್ಯಾನರ್, ಟ್ಯೂಬಿನ ಚಿತ್ರಗಳನ್ನು ಹೊದಿಸಬೇಕು. ಪಂಕ್ಚರ್ ಹುಡುಕಲು ಅವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸುವ ದೃಶ್ಯವನ್ನೇ ತೆಗೆದುಕೊಳ್ಳಿ. ಅವರು ಇನ್ನೂ ಮಾತನಾಡುತ್ತಿರುವಾಗಲೇ ಗುಳುಗುಳು ಸದ್ದು ಕೇಳಿಸಲಿ, ಒಂದು ಸೆಕೆಂಡಿನ ನಂತರ ಗುಳ್ಳೆಗಳು ಕಾಣಲಿ. ಮುಂದಿನ ಚಿತ್ರದ ಸದ್ದು ಮೊದಲೇ ಬರುವ ಇದನ್ನು ಜೆ-ಕಟ್ ಎನ್ನುತ್ತಾರೆ. ಚಿತ್ರ ಬದಲಾದ ಮೇಲೂ ಹಿಂದಿನ ಸದ್ದು ಮುಂದುವರಿದರೆ ಎಲ್-ಕಟ್. ಇವೆರಡು ಕೈಗೆ ಹತ್ತಿದರೆ ನೋಡುಗರಿಗೆ ಕತ್ತರಿಸಿದ್ದೇ ಗೊತ್ತಾಗದು. ಹಿಂದೆ, ನಿಲ್ಲು, ಮುಂದೆ ಎಂಬುದಕ್ಕೆ J, K, L ಕೀಲಿಗಳನ್ನು ಈ ಹಂತದಲ್ಲೇ ರೂಢಿ ಮಾಡಿಕೊಳ್ಳಿ. ಮೌಸ್ ನಂಬಿದವರ ಕೈ ನಿಧಾನ.

ಮೂರನೆಯದು ಸದ್ದು. ಚಿತ್ರ ಸ್ವಲ್ಪ ಮಬ್ಬಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮಾತಿನ ಏರು ಸದ್ದು ಮೀಟರ್‌ನಲ್ಲಿ −12ರಿಂದ −6 ಡೆಸಿಬಲ್ ನಡುವೆ ಇರಲಿ, ಸಂಗೀತ ಅದಕ್ಕಿಂತ ಬಹಳ ಕೆಳಗಿರಲಿ. ಕತ್ತರಿಸಿದ ಕಡೆಯೆಲ್ಲ ಹಿನ್ನೆಲೆ ಸದ್ದು ಥಟ್ಟನೆ ಸತ್ತಂತೆ ಕೇಳಿಸಿದರೆ ಅಂಗಡಿಯ ಬರಿಯ ಸದ್ದು ಬೇಕು. ಯಾರೂ ಮಾತಾಡದ ಅರ್ಧ ನಿಮಿಷವನ್ನು ಅಲ್ಲೇ ರೆಕಾರ್ಡ್ ಮಾಡಿಕೊಂಡು ಬಂದಿದ್ದರೆ, ಆ ಖಾಲಿ ಜಾಗಗಳಿಗೆ ತುಂಬಬಹುದು. ಮುಗಿದ ಮೇಲೆ ಇಯರ್‌ಫೋನ್‌ನಲ್ಲಿ ಒಮ್ಮೆ, ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ ಕೇಳಿ.

ಬಣ್ಣ ನಾಲ್ಕನೆಯದು. ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಮುಖ ಹಸಿರಾಗಿರಬಹುದು, ಬಾಗಿಲ ಬಳಿ ನೀಲಿಯಾಗಿರಬಹುದು. ಬೆಳಕು ಮತ್ತು ಬಿಳಿಯನ್ನು ಸರಿಪಡಿಸಿ ಎರಡನ್ನೂ ಹೊಂದಿಸುವುದು ಮೊದಲು. ಸಿನಿಮಾ ಛಾಯೆ ಬಳಿಯುವುದು ಆಮೇಲೆ. ಕಣ್ಣು ಬೇಗ ಒಗ್ಗಿಕೊಂಡು ಮೋಸ ಮಾಡುವುದರಿಂದ ಸ್ಕೋಪ್ ಎಂಬ ನಕ್ಷೆ ಓದಲು ಕಲಿಯಿರಿ.

ಅಕ್ಷರ, ಗ್ರಾಫಿಕ್ಸ್ ಕೊನೆಗೆ. ಕನ್ನಡದಲ್ಲಿ ಕೆಲಸ ಮಾಡುವವರು ಯೂನಿಕೋಡ್ ಫಾಂಟನ್ನೇ ಬಳಸಿ, ಒತ್ತಕ್ಷರಗಳು ಒಡೆದಿಲ್ಲವೇ ಎಂದು ಎಕ್ಸ್‌ಪೋರ್ಟ್ ಆದ ಫೈಲಿನಲ್ಲೇ ನೋಡಬೇಕು. ಹೆಸರಿನ ಪಟ್ಟಿಯಲ್ಲೇ ಅಕ್ಷರ ಕೆಟ್ಟರೆ ಮಾತಾಡಿದವರಿಗೆ ಅದು ಅವಮಾನ.

ಇಂಥ ನಾಲ್ಕೈದು ಚಿತ್ರ ಮುಗಿಸಿದ ಮೇಲೆ ಕೆಲಸ ಕೇಳಲು ಹೊರಡಿ. ಹೋಗುವಾಗ ಮಿಂಚುವ ಚೂರುಗಳ ರೀಲ್ ಒಂದನ್ನೇ ಒಯ್ಯಬೇಡಿ. ಆದಿ ಅಂತ್ಯ ಇರುವ ಎರಡು ಪೂರ್ತಿ ಚಿತ್ರ ತೋರಿಸಿ, ಒಟ್ಟು ಎಷ್ಟು ನಿಮಿಷದ ಚಿತ್ರೀಕರಣದಿಂದ ಅವನ್ನು ತೆಗೆದಿರಿ, ಏನನ್ನು ಏಕೆ ಬಿಟ್ಟಿರಿ ಎಂದು ಹೇಳಲು ತಯಾರಾಗಿರಿ.