ಕೂಲಿ ಏರಿತು, ಕೆಲಸ ಇಳಿಯಿತು

ಜರ್ಮನಿಯ ಮ್ಯಾಕ್ಸ್ ವೆಬರ್ 1904-05ರಲ್ಲಿ ಪ್ರಕಟಿಸಿದ ಪ್ರಸಿದ್ಧ ಬರಹವೊಂದರಲ್ಲಿ ಒಬ್ಬ ಕೊಯ್ಲಿನಾಳು ಬರುತ್ತಾನೆ. ಹೊಲದ ಅಲ್ಲಿನ ಅಳತೆ ಮಾರ್ಗೆನ್. ಒಂದು ಮಾರ್ಗೆನ್‌ಗೆ 1 ಮಾರ್ಕ್ ಕೂಲಿ ಇದ್ದಾಗ ದಿನಕ್ಕೆ ಎರಡೂವರೆ ಕೊಯ್ದು ಎರಡೂವರೆ ಮಾರ್ಕ್ ಗಳಿಸುತ್ತಿದ್ದ. ಕೂಲಿ 1.25ಕ್ಕೇರಿದಾಗ ಅವನು ಮೂರು ಕೊಯ್ಯಲಿಲ್ಲ, ಎರಡಕ್ಕೇ ನಿಲ್ಲಿಸಿದ. ಎಂದಿನ ಎರಡೂವರೆ ಮಾರ್ಕ್ ಕೈಗೆ ಬಂದಿತ್ತಲ್ಲ!

ವೆಬರ್‌ಗೆ ಇದು ಹಳೆಯ ಕಾಲದ ಮನೋಭಾವವಾಗಿ ಕಂಡಿತು. ಅರ್ಥಶಾಸ್ತ್ರಕ್ಕೆ ಇದರಲ್ಲೊಂದು ಲೆಕ್ಕಾಚಾರ ಕಾಣುತ್ತದೆ. ಮನುಷ್ಯನಿಗೆ ಬೇಕಾದದ್ದು ಎರಡು: ದುಡ್ಡಿನಿಂದ ಬರುವ ಸಾಮಾನು ಸರಂಜಾಮು, ಮತ್ತು ಬಿಡುವು. ಒಂದು ಗಂಟೆ ಬಿಡುವಿನ ಬೆಲೆಯೆಂದರೆ ಆ ಗಂಟೆಯಲ್ಲಿ ಸಿಗಬಹುದಾಗಿದ್ದ ಕೂಲಿ.

ಗಂಟೆ ಲೆಕ್ಕದಲ್ಲಿ ಹೊಲಿಯುವ ಒಬ್ಬ ದರ್ಜಿಯನ್ನು ಊಹಿಸಿಕೊಳ್ಳಿ. ದಿನದ ಮೊದಲ ರೂಪಾಯಿ ಅವನಿಗೆ ಪೂರ್ತಿ ರೂಪಾಯಿ. ಆದರೆ ಗಳಿಕೆಗೆ 32 ರೂಪಾಯಿ ಸೇರಿದಂತೆಲ್ಲ ಮುಂದಿನ ರೂಪಾಯಿಯ ಮೌಲ್ಯ ಅವನ ಮನಸ್ಸಿನಲ್ಲಿ ಒಂದು ಪೈಸೆ ಇಳಿಯುತ್ತದೆ. 3,200 ತಲುಪಿದಾಗ ಸೊನ್ನೆ. ಒಂದು ಗಂಟೆ ಬಿಡುವು ಮಾತ್ರ ಅವನಿಗೆ ಯಾವಾಗಲೂ ಅಂಥ ಪೂರ್ತಿ 100 ರೂಪಾಯಿಗೆ ಸಮ. ಕೊನೆಯ ಗಂಟೆಯ ಗಳಿಕೆ ಈ ನೂರಕ್ಕೆ ಇಳಿದ ಕಡೆ ಅವನು ಹೊಲಿಗೆ ನಿಲ್ಲಿಸುತ್ತಾನೆ.

ಗಂಟೆಗೆ 160 ಸಿಕ್ಕರೆ ಅದು ಏಳೂವರೆ ಗಂಟೆಗೆ ಬರುತ್ತದೆ. ಆಗ ಗಳಿಕೆ 1,200, ಮುಂದಿನ ರೂಪಾಯಿಯ ಮೌಲ್ಯ ಅರವತ್ತೆರಡೂವರೆ ಪೈಸೆ, 160ನ್ನು ಅದರಿಂದ ಗುಣಿಸಿದರೆ ಸರಿಯಾಗಿ 100. ಕೂಲಿ 200 ಆದರೆ 8 ಗಂಟೆ ದುಡಿಯುತ್ತಾನೆ. ಸುಮ್ಮನೆ ಕೂರುವುದು ದುಬಾರಿಯಾಗಿದೆ. ಇದು ಪರ್ಯಾಯ ಪರಿಣಾಮ. 400 ಆದಾಗ ಅದೇ 8 ಗಂಟೆ ದುಡಿದರೆ 3,200 ಬಂದು ಕೊನೆಯ ರೂಪಾಯಿಗೆ ಬೆಲೆಯೇ ಇರುವುದಿಲ್ಲ. ಹಾಗಾಗಿ 6 ಗಂಟೆಗೇ ಕತ್ತರಿ ಕೆಳಗಿಡುತ್ತಾನೆ, 2,400 ರೂಪಾಯಿ ಜೇಬಿಗಿಳಿಸಿ. ಕೈ ತುಂಬಿದವನು ಬಿಡುವನ್ನೂ ಹೆಚ್ಚು ಬಯಸುವುದು ಆದಾಯ ಪರಿಣಾಮ, ಇಲ್ಲಿ ಅದರದೇ ಮೇಲುಗೈ. ಕೂಲಿಯನ್ನು ಲಂಬವಾಗಿಯೂ ಗಂಟೆಗಳನ್ನು ಅಡ್ಡವಾಗಿಯೂ ಗುರುತಿಸಿ ಗೆರೆ ಎಳೆದರೆ, ಅದು 200ರವರೆಗೆ ಬಲಕ್ಕೆ ಏರಿ ಆಮೇಲೆ ಎಡಕ್ಕೆ ಬಾಗುತ್ತದೆ. ಎಲ್ಲರ ಗೆರೆಯೂ ಬಾಗಲೇಬೇಕೆಂದಿಲ್ಲ; ದುಡ್ಡಿನ ಮೇಲಿನ ಆಸೆ ನಿಧಾನವಾಗಿ ತಗ್ಗುವವನದು ಏರುತ್ತಲೇ ಹೋದೀತು.

ನಿಜ ಜೀವನದಲ್ಲಿ ಇದನ್ನು ಅಳೆಯುವುದು ಫಜೀತಿಯ ಕೆಲಸ. ಗಂಟೆಗಳನ್ನು ತಾವೇ ನಿರ್ಧರಿಸುವವರು ಬೇಕು; ತಿಂಗಳ ಸಂಬಳದವರಿಗೆ ಆ ಸ್ವಾತಂತ್ರ್ಯವೆಲ್ಲಿ? ಅದಕ್ಕೇ ಕಾಲಿನ್ ಕ್ಯಾಮರರ್, ರಿಚರ್ಡ್ ಥೇಲರ್ ಮತ್ತು ಸಂಗಡಿಗರು ನ್ಯೂಯಾರ್ಕ್ ಟ್ಯಾಕ್ಸಿ ಚಾಲಕರನ್ನು ಆರಿಸಿಕೊಂಡರು. ಗಿರಾಕಿ ಹೆಚ್ಚಿದ್ದ ದಿನ ಚಾಲಕರು ಬೇಗ ಮನೆಗೆ ಹೋಗುತ್ತಾರೆಂದು ಅವರ 1997ರ ಲೇಖನ ಹೇಳಿತು. ಆದರೆ ಅದಕ್ಕೆ ಅವರು ಕೊಟ್ಟ ಕಾರಣ ಆದಾಯ ಪರಿಣಾಮವಲ್ಲ, ದಿನದ ಗುರಿ ಮುಟ್ಟಿದೊಡನೆ ನಿಲ್ಲಿಸುವ ಅಭ್ಯಾಸ. ಒಂದು ದಿನದ ಲಾಭದಿಂದ ಯಾರೂ ಸಿರಿವಂತರಾಗುವುದಿಲ್ಲವಷ್ಟೆ.

ಅಳತೆಯಲ್ಲೂ ಒಂದು ಬಲೆ ಇದೆ. ಗಂಟೆಯ ಗಳಿಕೆ ತಿಳಿಯಲು ದಿನದ ಗಳಿಕೆಯನ್ನು ಗಂಟೆಗಳಿಂದ ಭಾಗಿಸಬೇಕು. 8 ಗಂಟೆ ದುಡಿದವನು 10 ಎಂದು ಬರೆದರೆ ಗಂಟೆಗಳು ಹೆಚ್ಚಾಗಿಯೂ ಕೂಲಿ ಕಡಿಮೆಯಾಗಿಯೂ ಕಾಣುತ್ತವೆ, ಇಲ್ಲದ ಬಾಗು ಮೂಡುತ್ತದೆ. ಹೆನ್ರಿ ಫಾರ್ಬರ್ ಬಹುದೊಡ್ಡ ದಾಖಲೆರಾಶಿಯನ್ನು ಮತ್ತೆ ಪರಿಶೀಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು: ಗಳಿಕೆ ಚೆನ್ನಾಗಿದ್ದಾಗ ಚಾಲಕರು ಸಾಮಾನ್ಯವಾಗಿ ಹೆಚ್ಚೇ ದುಡಿಯುತ್ತಿದ್ದರು.