ಒಂದೇ ವರ್ಷ ಉಳಿದಿದ್ದ ಕೇನ್‌ಗೆ ಹತ್ತು ಕೋಟಿ ಯೂರೊ ಏಕೆ?

2023ರ ಆಗಸ್ಟ್‌ನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ ಇಂಗ್ಲೆಂಡಿನ ನಾಯಕ ಹ್ಯಾರಿ ಕೇನ್‌ನನ್ನು ಟಾಟನ್‌ಹ್ಯಾಮ್‌ನಿಂದ ಕೊಂಡಿತು. ವರದಿಯಾದ ಬೆಲೆ ಸುಮಾರು 10 ಕೋಟಿ ಯೂರೊ. ಆಗ ಕೇನ್‌ಗೆ 30 ತುಂಬಿತ್ತು, ಟಾಟನ್‌ಹ್ಯಾಮ್ ಜೊತೆಗಿನ ಕರಾರು ಇನ್ನೊಂದೇ ವರ್ಷ ಉಳಿದಿತ್ತು. ಅದರ ಹಿಂದಿನ ವರ್ಷ ಇದೇ ಬಯರ್ನ್, 34ರ ಹೊಸ್ತಿಲಲ್ಲಿದ್ದ ರಾಬರ್ಟ್ ಲೆವಾಂಡೋವ್‌ಸ್ಕಿಯನ್ನು ಬಾರ್ಸಿಲೋನಾಕ್ಕೆ ಸುಮಾರು 4.5 ಕೋಟಿ ಯೂರೊಗೆ ಬಿಟ್ಟುಕೊಟ್ಟಿತ್ತು. ಅವನ ಕರಾರೂ ಒಂದೇ ವರ್ಷ ಉಳಿದಿತ್ತು. ಬುಂಡೆಸ್‌ಲೀಗಾದಲ್ಲಿ ಆ ಋತುವಿನಲ್ಲಿ ಅವನು ಹೊಡೆದದ್ದು 35 ಗೋಲು. ಗೋಲಿನಲ್ಲಿ ಅವನೇನೂ ಕಡಿಮೆಯಿರಲಿಲ್ಲ. ಬೆಲೆ ಮಾತ್ರ ಅರ್ಧಕ್ಕಿಂತ ಕಡಿಮೆ, ಅದರ ದೊಡ್ಡ ಕಾರಣ ವಯಸ್ಸು.

ಆಟಗಾರನ ನ್ಯಾಯವಾದ ಬೆಲೆ ಎಷ್ಟು ಎಂದು ಕೇಳಿದಾಗ ನಾವು ಒಂದೇ ಅಂಕಿಯನ್ನು ಹುಡುಕುತ್ತೇವೆ. ನಿಜವಾಗಿ ಹುಡುಕಬೇಕಾದದ್ದು ಎರಡನ್ನು: ಕೊಳ್ಳುವವರು ದಾಟಬಾರದ ಮೇಲಿನ ಮಿತಿ, ಮಾರುವವರು ಇಳಿಯಬಾರದ ಕೆಳಗಿನ ಮಿತಿ. ಮೇಲಿನದನ್ನು ಮುಖ್ಯವಾಗಿ ವಯಸ್ಸು ನಿರ್ಧರಿಸುತ್ತದೆ, ಕೆಳಗಿನದನ್ನು ಕರಾರಿನ ಅವಧಿ.

ಮೊದಲು ಆಟ. 2022–23ರ ಪ್ರೀಮಿಯರ್ ಲೀಗ್‌ನಲ್ಲಿ ಕೇನ್ 38 ಪಂದ್ಯಗಳಲ್ಲಿ 30 ಗೋಲು ಹೊಡೆದ. ಇದರಲ್ಲಿ ಐದು ಪೆನಾಲ್ಟಿ. ಪೆನಾಲ್ಟಿಯನ್ನು ತಂಡದ ಇನ್ನೊಬ್ಬರೂ ಹೊಡೆಯಬಹುದಾದ್ದರಿಂದ ಅದನ್ನು ಕಳೆದೇ ಲೆಕ್ಕ ಹಾಕಬೇಕು. ಉಳಿದದ್ದು 25, ಅಂದರೆ ಮೂರು ಪಂದ್ಯಕ್ಕೆ ಸುಮಾರು ಎರಡು. ಅಷ್ಟೇ ಮುಖ್ಯವಾದದ್ದು, ಒಂದೂ ಲೀಗ್ ಪಂದ್ಯ ತಪ್ಪಿಸಿಕೊಳ್ಳದೆ ಆಡಿದ್ದು. ಗೋಲು ಹೊಡೆಯುವವನು ಗಾಯದಿಂದ ಅರ್ಧ ಋತು ಹೊರಗೆ ಕೂತರೆ ಲೆಕ್ಕವೆಲ್ಲ ಅರ್ಧಕ್ಕಿಳಿಯುತ್ತದೆ.

ಈಗ ಹಣ. ಮುಂದಿನ ಅಂಕಿಗಳು ಲೆಕ್ಕ ತೋರಿಸಲೆಂದು ನಾನೇ ಇಟ್ಟುಕೊಂಡ ಅಂದಾಜು. ಇಂಥ ಸ್ಟ್ರೈಕರ್ ವರ್ಷಕ್ಕೆ ಕ್ಲಬ್ಬಿಗೆ 5 ಕೋಟಿ ಯೂರೊ ಬೆಲೆಯ ಆಟ ಕೊಡುತ್ತಾನೆ, 2.5 ಕೋಟಿ ಸಂಬಳ ಪಡೆಯುತ್ತಾನೆ ಎನ್ನೋಣ. ಮೊದಲ ವರ್ಷ ಕ್ಲಬ್ಬಿಗೆ ಉಳಿಯುವುದು 2.5 ಕೋಟಿ. ವಯಸ್ಸಾದಂತೆ ಆಟ ಇಳಿಯುತ್ತದೆ, ಸಂಬಳ ಇಳಿಯುವುದಿಲ್ಲ. ಹಾಗಾಗಿ ಮುಂದಿನ ಮೂರು ವರ್ಷಗಳಿಗೆ 2.2, 1.8, 1.2 ಕೋಟಿ ಎಂದಿಟ್ಟರೆ ನಾಲ್ಕು ವರ್ಷದ ಒಟ್ಟು 7.7 ಕೋಟಿ. ಇದೇ ಬಯರ್ನ್‌ನ ಮೇಲ್ಮಿತಿ. ಕೇನ್‌ಗೆ 25 ಆಗಿದ್ದರೆ ಈ ಇಳಿಕೆ ಇರುತ್ತಿರಲಿಲ್ಲ, ಮುಂದೆ ಮರುಮಾರಾಟದ ಹಣವೂ ಸೇರುತ್ತಿತ್ತು. 34ಕ್ಕೆ ಮಾರಲು ಹೋದರೆ ಹೆಚ್ಚೇನೂ ಸಿಗದು.

ಟಾಟನ್‌ಹ್ಯಾಮ್ ಕಡೆಯಿಂದ ನೋಡಿ. 1995ರ ಬೋಸ್ಮನ್ ತೀರ್ಪಿನ ನಂತರ ಕರಾರು ಮುಗಿದ ಆಟಗಾರ ಬಿಡಿಗಾಸೂ ತರದೆ ಹೊರಡಬಹುದು. ಕೊನೆಯ ಆರು ತಿಂಗಳಲ್ಲಿ ವಿದೇಶಿ ಕ್ಲಬ್ ಜೊತೆ ಮುಂಗಡವಾಗಿ ಒಪ್ಪಂದ ಮಾಡಿಕೊಳ್ಳಲೂಬಹುದು. ಹೀಗಾಗಿ ಕೇನ್‌ನನ್ನು ಇಟ್ಟುಕೊಂಡರೆ ಕ್ಲಬ್ಬಿಗೆ ದಕ್ಕುತ್ತಿದ್ದದ್ದು ಒಂದೇ ವರ್ಷದ ಲಾಭ, 2.5 ಕೋಟಿ. ಅದೇ ಕೆಳಮಿತಿ. 2.5 ಮತ್ತು 7.7ರ ನಡುಮಧ್ಯ 5.1 ಕೋಟಿ. ಕರಾರು ಮೂರು ವರ್ಷ ಉಳಿದಿದ್ದರೆ ಕೆಳಮಿತಿ 6.5ಕ್ಕೆ ಏರಿ ನಡುಬೆಲೆ 7.1 ಆಗುತ್ತಿತ್ತು. ಕಾಲ್ಚಳಕ ಒಂದಿಷ್ಟೂ ಬದಲಾಗದೆ, ಸಹಿ ನವೀಕರಿಸದ ಒಂದೇ ಕಾರಣಕ್ಕೆ 2 ಕೋಟಿ ಕರಗಿತು.

ಹಾಗಾದರೆ 10 ಕೋಟಿ ಹೇಗೆ? ಎರಡು ಕಾರಣ. ಲೆವಾಂಡೋವ್‌ಸ್ಕಿ ಹೋದ ನಂತರ ಬಯರ್ನ್‌ಗೆ ಅಂಥ ಸ್ಟ್ರೈಕರ್ ಸಿಕ್ಕಿರಲಿಲ್ಲ; 2023ರ ಲೀಗ್ ಪಟ್ಟವನ್ನು ಅದು ಕೊನೆಯ ದಿನ ಡಾರ್ಟ್ಮಂಡ್ ಎದುರು ಗೋಲುಗಳ ಅಂತರದಿಂದಷ್ಟೇ ಉಳಿಸಿಕೊಂಡಿತ್ತು. ಅಗತ್ಯವಿದ್ದವನಿಗೆ ಒಂದು ವರ್ಷದ ಕಾಯುವಿಕೆ ದುಬಾರಿ, ಅಷ್ಟರಲ್ಲಿ ಇನ್ನೊಬ್ಬರು ಬಂದು ಕರೆದೊಯ್ಯುವ ಭಯ ಬೇರೆ. ಎರಡನೆಯದು ನನ್ನ ಅಂದಾಜಿನದೇ ಮಿತಿ. ವಾರ್ಷಿಕ ಬೆಲೆಯನ್ನು 5ರ ಬದಲು 6 ಕೋಟಿ ಎಂದರೆ ಮೇಲ್ಮಿತಿ 7.7ರಿಂದ 11.7ಕ್ಕೆ ಹಾರುತ್ತದೆ. ಇಡೀ ಲೆಕ್ಕದಲ್ಲಿ ಅತಿ ಸೂಕ್ಷ್ಮವಾದದ್ದು ಈ ಒಂದು ಅಂಕಿ. ಯಾರಾದರೂ ಖಚಿತ ಬೆಲೆ ಹೇಳಿದರೆ ಮೊದಲು ಕೇಳಬೇಕಾದದ್ದು ಇದನ್ನೇ.

ಗಾಯವನ್ನು ಈ ಲೆಕ್ಕ ಮುಂದಾಗಿ ಕಾಣಲಾರದು. 2019ರಲ್ಲಿ ರಿಯಲ್ ಮ್ಯಾಡ್ರಿಡ್ 28ರ ಏಡನ್ ಹಜಾರ್ಡ್‌ಗೆ ಸುಮಾರು 10 ಕೋಟಿ ಯೂರೊ ಕೊಟ್ಟಿತು. ಅವನ ಕರಾರೂ ಒಂದೇ ವರ್ಷ ಉಳಿದಿತ್ತು. ನಾಲ್ಕು ಋತುಗಳಲ್ಲಿ ಅವನು ಆಡಿದ್ದು 76 ಪಂದ್ಯ, ಹೊಡೆದದ್ದು 7 ಗೋಲು. ಕೇನ್ ಮೊದಲ ಬುಂಡೆಸ್‌ಲೀಗಾ ಋತುವಿನಲ್ಲೇ 36 ಗೋಲು ಹೊಡೆದ. ನನ್ನ ತೀರ್ಮಾನ: ಬಯರ್ನ್ ಕೊಟ್ಟದ್ದು ನ್ಯಾಯಬೆಲೆಗಿಂತ ಹೆಚ್ಚು, ಆದರೆ ಆ ಹೆಚ್ಚುವರಿ ಕಾಯದೆ ಪಡೆಯುವುದರ ಬೆಲೆ. ಮುಂದಿನ ಸಲ ಇಂಥ ಸುದ್ದಿ ಓದುವಾಗ ಗೋಲುಗಳಿಗಿಂತ ಮೊದಲು ಕರಾರು ಮುಗಿಯುವ ವರ್ಷ ನೋಡಿ.