ಪರಿಚಯ ಪುಟದಲ್ಲಿ ಖರೀದಿದಾರ ಹುಡುಕುವುದೇನು?

ಸಣ್ಣ ಕಾರ್ಖಾನೆಗಳ ಪರಿಚಯ ಪುಟ ಸಾಮಾನ್ಯವಾಗಿ ‘ವಿಶ್ವದರ್ಜೆಯ ಗುಣಮಟ್ಟ, ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯ’ ಎಂದು ಶುರುವಾಗುತ್ತದೆ. ಜರ್ಮನಿಯ ಖರೀದಿ ಅಧಿಕಾರಿಗೆ ಈ ಮಾತಿನಿಂದ ಏನೂ ತಿಳಿಯುವುದಿಲ್ಲ. ಇದೇ ಸಾಲನ್ನು ಆತ ಆ ಬೆಳಿಗ್ಗೆಯೇ ಹತ್ತು ಕಡೆ ಓದಿರುತ್ತಾನೆ. ಆತನಿಗೆ ಬೇಕಾದದ್ದು ಪರೀಕ್ಷಿಸಬಹುದಾದ ಸಂಗತಿ.

ಬೆಳಗಾವಿಯಲ್ಲಿ ಪಂಪಿನ ಬಿಡಿಭಾಗ ಎರಕ ಹೊಯ್ಯುವ ಒಂದು ಫೌಂಡ್ರಿಯನ್ನು ಊಹಿಸಿಕೊಳ್ಳಬಹುದು. ಅದರ ಹೊಸ ಮೊದಲ ಸಾಲು ಹೀಗಿರಬಹುದು: ‘2 ಕಿಲೋದಿಂದ 40 ಕಿಲೋವರೆಗಿನ ಡಕ್ಟೈಲ್ ಕಬ್ಬಿಣದ ಎರಕಗಳು, ದರ್ಜೆ ಇಎನ್-ಜಿಜೆಎಸ್-400-15, ಯಂತ್ರಗೆಲಸ ನಮ್ಮಲ್ಲೇ.’ ದರ್ಜೆಯನ್ನು ಯುರೋಪಿನ ಹೆಸರಿನಲ್ಲೇ ಕೊಟ್ಟರೆ ಓದುವವನು ತನ್ನ ನಕ್ಷೆಗೆ ನೇರವಾಗಿ ಹೋಲಿಸಿಕೊಳ್ಳುತ್ತಾನೆ. ತೂಕದ ಮಿತಿ ಹೇಳಿದರೆ ನೂರು ಕಿಲೋ ಎರಕ ಬೇಕಾದವರು ಬರುವುದಿಲ್ಲ. ಅದು ನಷ್ಟವಲ್ಲ, ಇಬ್ಬರಿಗೂ ಸಮಯದ ಉಳಿತಾಯ.

ಹೆಚ್ಚು ಎಡವುವುದು ಪ್ರಮಾಣಪತ್ರದ ವಿಷಯದಲ್ಲಿ. ‘ಐಎಸ್‌ಒ ನೀಡಿದ ಪ್ರಮಾಣಪತ್ರ’ ಎಂಬುದೇ ತಪ್ಪು. ಐಎಸ್‌ಒ ಮಾನದಂಡ ರೂಪಿಸುತ್ತದೆ, ಪ್ರಮಾಣಪತ್ರ ಕೊಡುವುದು ಬೇರೆ ಸಂಸ್ಥೆ. ಹಾಗಾಗಿ ‘ಐಎಸ್‌ಒ 9001:2015’ ಎಂದು ಪೂರ್ತಿ ಬರೆದು, ಕೊಟ್ಟ ಸಂಸ್ಥೆ, ಪತ್ರದ ಸಂಖ್ಯೆ, ಮುಗಿಯುವ ದಿನಾಂಕ, ವ್ಯಾಪ್ತಿ ನಮೂದಿಸಬೇಕು. ವ್ಯಾಪ್ತಿಯಲ್ಲಿ ಯಂತ್ರಗೆಲಸ ಮಾತ್ರ ಇದ್ದರೆ ಅದು ಎರಕಕ್ಕೆ ಅನ್ವಯಿಸುವುದಿಲ್ಲ. ಅವಧಿ ಮುಗಿದ ಪತ್ರವನ್ನು ಹಾಗೇ ಬಿಡುವುದಕ್ಕಿಂತ ತೆಗೆದುಹಾಕುವುದೇ ವಾಸಿ.

ಚಿತ್ರಗಳಿಗೂ ಇದೇ ಮಾತು. ಕೊಂಡು ತಂದ ಹೊಳೆಯುವ ರೋಬೋಟಿನ ಫೋಟೊಗಿಂತ ಮಸಿ ಹಿಡಿದ ಸ್ವಂತ ಕುಲುಮೆಯ ಫೋಟೊವನ್ನೇ ಖರೀದಿದಾರ ಹೆಚ್ಚು ನಂಬುತ್ತಾನೆ; ಕಾರ್ಖಾನೆ ನೋಡಲು ಬಂದಾಗ ಅದೇ ಕುಲುಮೆ ಅಲ್ಲಿರುತ್ತದೆ.